ಏಳನೇ ವರ್ಷದ ಮೈನಸ್: ದೊಡ್ಡ ಓವರ್‌ಹಾಲ್ ಖರ್ಚನ್ನು ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ತೋರಿಸುವುದು ಹೇಗೆ

"ಏಳನೇ ವರ್ಷ ಮೈನಸ್ ಬಂದೈತ್ರಿ, ಬ್ಯಾಂಕ್‌ನವ್ರು ರಿಪೋರ್ಟ್ ತಿರುಗಿ ಕಳಿಸ್ಯಾರ, ಏನ್ ಮಾಡೂದ್ರಿ?" ಬ್ಯಾಡಗಿ, ಹಾವೇರಿ, ಗದಗ ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಹತ್ತು ಹನ್ನೆರಡು ವರ್ಷದ ಅಂದಾಜು ಪಟ್ಟಿ ಹಾಕಿದಾಗ ಉಳಿದೆಲ್ಲ ವರ್ಷ ಹಣ ಒಳಗೆ ಬರುತ್ತದೆ, ನಡುವೆ ಒಂದೇ ಒಂದು ವರ್ಷ ಹೊರಗೆ ಹೋಗುತ್ತದೆ. ಅದನ್ನು ಕಂಡು ಗಾಬರಿಯಾದವರು ಆ ಖರ್ಚನ್ನು ಅಳಿಸುತ್ತಾರೆ, ಇಲ್ಲವೇ ಎಲ್ಲ ವರ್ಷಕ್ಕೂ ಹಂಚಿಬಿಡುತ್ತಾರೆ. ಎರಡೂ ಬೇಡ. ಮೈನಸ್ ಇರುವುದು ತಪ್ಪಲ್ಲ. ಅದನ್ನು ತುಂಬುವ ಹಣ ಎಲ್ಲಿಂದ ಬರುತ್ತದೆ ಎಂದು ಹೇಳದಿರುವುದು ತಪ್ಪು.

ಉದಾಹರಣೆಗೆ ಬ್ಯಾಡಗಿ ಸುತ್ತಮುತ್ತ ಇರುವಂಥ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆಂದು ನಾನೇ ಕಟ್ಟಿದವು, ಎಲ್ಲವೂ ಲಕ್ಷ ರೂಪಾಯಿಗಳಲ್ಲಿವೆ. ಆರಂಭದ ಹೂಡಿಕೆ 400. ಚೀಲದ ಬಾಡಿಗೆಯಿಂದ ಕರೆಂಟ್, ಕೂಲಿ, ವಿಮೆ, ತೆರಿಗೆ ಕಳೆದು ಕೈಗೆ ಉಳಿಯುವುದು ಮೊದಲ ವರ್ಷ 60, ಎರಡನೇ ವರ್ಷ 80, ಆಮೇಲೆ ವರ್ಷಕ್ಕೆ 90. ಏಳನೇ ವರ್ಷ 130 ಲಕ್ಷದ ಓವರ್‌ಹಾಲ್. ಹನ್ನೆರಡನೇ ವರ್ಷದ ಕೊನೆಗೆ ಮಾರಿದರೆ 50 ಸಿಗುತ್ತದೆ ಎಂದು ಹಿಡಿದಿದ್ದೇನೆ. ಸಾಲದ ಕಂತು, ಬಡ್ಡಿ ಇದರಲ್ಲಿ ಇನ್ನೂ ಸೇರಿಲ್ಲ.

ಬೇಕಾಗಿರುವುದು ಇಷ್ಟೇ: ಎಕ್ಸೆಲ್ ಅಥವಾ ಅಂಥದೇ ಒಂದು ಹಾಳೆ, ಯಂತ್ರ ಕೂರಿಸಿದವರಿಂದ ಬರಹದಲ್ಲಿ ಒಂದು ಓವರ್‌ಹಾಲ್ ಅಂದಾಜು, ಮತ್ತು ಬ್ಯಾಂಕಿನ ಕಂತಿನ ಪಟ್ಟಿ.

1. 130 ಎಲ್ಲಿಂದ ಬಂತು ಎಂದು ಬರೆಯಿರಿ

"ದುರಸ್ತಿ ಮತ್ತು ಇತರೆ: 130" ಎಂಬ ಒಂದು ಸಾಲನ್ನು ಯಾವ ಮ್ಯಾನೇಜರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಅಮೋನಿಯಾ ಘಟಕದಲ್ಲಿ ಏಳನೇ ವರ್ಷದ ಹೊತ್ತಿಗೆ ಒಟ್ಟಿಗೆ ಬರುವ ಕೆಲಸಗಳನ್ನು ಬಿಡಿಸಿ ಬರೆಯಿರಿ. ಕಂಪ್ರೆಸರ್ ಪೂರ್ತಿ ಬಿಚ್ಚಿ ಪಿಸ್ಟನ್ ರಿಂಗ್, ವಾಲ್ವ್ ಪ್ಲೇಟ್, ಬೇರಿಂಗ್, ಶಾಫ್ಟ್ ಸೀಲ್ ಬದಲಿಸುವುದು ಒಂದು. ನಮ್ಮ ಕಡೆ ಬೋರ್‌ವೆಲ್‌ನ ಗಡಸು ನೀರಿನಿಂದ ಕಂಡೆನ್ಸರ್ ಕೊಳವೆಗಳಿಗೆ ಸುಣ್ಣದಂಥ ಪೊರೆ ಕಟ್ಟುತ್ತದೆ. ಅವನ್ನು ತೊಳೆಸುವುದೋ ಬದಲಿಸುವುದೋ ಇನ್ನೊಂದು. ಮೂರನೆಯದು ಕೋಣೆಯ ಉಷ್ಣನಿರೋಧಕ ಹೊದಿಕೆ, ಬಾಗಿಲಿನ ಗ್ಯಾಸ್ಕೆಟ್. ಕಡೆಗೆ ಡೀಸೆಲ್ ಜನರೇಟರ್, ವಿದ್ಯುತ್ ಪ್ಯಾನೆಲ್, ಸೇಫ್ಟಿ ವಾಲ್ವ್‌ಗಳು.

ಏಳನೇ ವರ್ಷ ಎಂಬುದೂ ಒಂದು ಅಂದಾಜೇ. ಕಂಪ್ರೆಸರ್ ಕ್ಯಾಲೆಂಡರ್ ನೋಡಿ ಸವೆಯುವುದಿಲ್ಲ, ಓಡಿದ ಗಂಟೆಗೆ ತಕ್ಕಂತೆ ಸವೆಯುತ್ತದೆ. ತಯಾರಕರು ಕೊಟ್ಟ ಗಂಟೆಯ ಮಿತಿಯನ್ನು, ನಿಮ್ಮ ಘಟಕ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದರಿಂದ ಭಾಗಿಸಿದರೆ ಬರುವ ವರ್ಷವೇ ನಿಮ್ಮ ವರ್ಷ. ಅಷ್ಟೇ ಸರಕಿಗೆ ಕರೆಂಟ್ ಬಿಲ್ ಮೇಲೇರುತ್ತಿದ್ದರೆ, ಬಾಗಿಲ ಚೌಕಟ್ಟಿನ ಸುತ್ತ ಮಂಜು ಕಟ್ಟುತ್ತಿದ್ದರೆ, ಅದೇ ಉಷ್ಣತೆ ಹಿಡಿಯಲು ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತಿದ್ದರೆ ಆ ವರ್ಷ ಇನ್ನೂ ಹತ್ತಿರ ಬಂದಿದೆ ಎಂದು ತಿಳಿಯಿರಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಇವತ್ತಿನ ದರವನ್ನೇ ಏಳನೇ ವರ್ಷಕ್ಕೆ ಹಾಕುವುದು. ನನ್ನ ಉದಾಹರಣೆಯಲ್ಲಿ ಇವತ್ತಿನ ಅಂದಾಜು 92. ವರ್ಷಕ್ಕೆ ಶೇ 5ರಂತೆ ಏಳು ವರ್ಷ ಬೆಳೆಸಿದ್ದಕ್ಕೆ ಸುಮಾರು 130 ಆಯಿತು. ಬಾಡಿಗೆಯ ಏರಿಕೆಯನ್ನು ಕರೆಂಟ್, ಕೂಲಿಯ ಏರಿಕೆ ನುಂಗುತ್ತದೆ ಎಂದು ಹಿಡಿದು 90ನ್ನು ಹಾಗೇ ಬಿಟ್ಟಿದ್ದೇನೆ. ನೀವು ಬೇರೆ ಥರ ಹಿಡಿದರೆ ಅದನ್ನು ಪಟ್ಟಿಯ ಕೆಳಗೆ ಬರೆಯಿರಿ. ಎರಡು, ಜಿಎಸ್‌ಟಿ ಬಿಟ್ಟು ಅಂದಾಜು ಹಾಕುವುದು. ಕೃಷಿ ಉತ್ಪನ್ನದ ದಾಸ್ತಾನು ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಹಾಗಾಗಿ ಆ ಬಾಡಿಗೆಯ ಮಟ್ಟಿಗೆ ನೀವು ಬಿಡಿಭಾಗಗಳ ಮೇಲೆ ಕಟ್ಟಿದ ಜಿಎಸ್‌ಟಿ ಮರಳಿ ಸಿಗುವುದಿಲ್ಲ. ಅದು ಖರ್ಚೇ. ನಿಮ್ಮ ದಾಸ್ತಾನಿನಲ್ಲಿ ಯಾವುದು ಈ ವಿನಾಯಿತಿಗೆ ಬರುತ್ತದೆ ಎಂದು ಆಡಿಟರ್ ಹತ್ತಿರ ಖಚಿತ ಮಾಡಿಕೊಳ್ಳಿ.

2. ಹಣ ಯಾವ ವರ್ಷ ಹೋಗುತ್ತದೋ ಆ ವರ್ಷದಲ್ಲೇ ಇಡಿ

```
ವರ್ಷ      ಹರಿವು
0         -400
1           60
2           80
3 - 6       90  (ಪ್ರತಿ ವರ್ಷ)
7          -40  (90 - 130)
8 - 11      90  (ಪ್ರತಿ ವರ್ಷ)
12         140  (90 + 50)
```

ಲಾಭ-ನಷ್ಟದ ಲೆಕ್ಕದಲ್ಲಿ ಆಡಿಟರ್ ಈ 130ರ ಬಹುಭಾಗವನ್ನು ಆಸ್ತಿ ಎಂದು ಬರೆದು ಮುಂದಿನ ವರ್ಷಗಳಿಗೆ ಸವಕಳಿಯಾಗಿ ಹಂಚಬಹುದು. ಅಲ್ಲಿ ಅದು ಸರಿ. ನಗದು ಹರಿವಿನ ಪಟ್ಟಿಯಲ್ಲಿ ಸವಕಳಿ ಇರುವುದಿಲ್ಲ, ಚೆಕ್ ಬರೆದ ವರ್ಷ ಮಾತ್ರ ಇರುತ್ತದೆ. ಎಷ್ಟೋ ರಿಪೋರ್ಟ್‌ಗಳಲ್ಲಿ ಈ ಎರಡೂ ಬೆರೆತಿರುತ್ತವೆ: 130ನ್ನು 7ರಿಂದ 12ನೇ ವರ್ಷದವರೆಗೆ ಆರು ಪಾಲು ಮಾಡಿ ನಗದು ಪಟ್ಟಿಗೇ ಹಾಕಿರುತ್ತಾರೆ. ಆಗ ಮೈನಸ್ ಮಾಯವಾಗುತ್ತದೆ, ಯೋಜನೆ ಇರುವುದಕ್ಕಿಂತ ಚೆಂದ ಕಾಣುತ್ತದೆ, ಆದರೆ ಫಿಟ್ಟರ್ ಆರು ವರ್ಷ ಕಾಯುವುದಿಲ್ಲ.

ಯಂತ್ರದ ಬಿಡಿಭಾಗಗಳಿಗೆ ಮುಂಗಡ ಕೊಡಬೇಕಾದರೆ ಅಷ್ಟು ಮೊತ್ತ ಆರನೇ ವರ್ಷಕ್ಕೆ ಹೋಗಬೇಕು ಎಂಬುದನ್ನೂ ನೋಡಿಕೊಳ್ಳಿ.

3. ಐಆರ್‌ಆರ್ ಅನ್ನು ನಂಬಬಹುದೇ, ಪರೀಕ್ಷಿಸಿ

ಮೊದಲು ಎರಡು ಶಬ್ದ. ಮುಂದೆ ಬರುವ ಹಣವನ್ನೆಲ್ಲ ಒಂದು ಬಡ್ಡಿದರದಲ್ಲಿ ಇಳಿಸಿ ಇವತ್ತಿನ ಬೆಲೆಗೆ ತಂದು, ಅದರಿಂದ ಹೂಡಿಕೆಯನ್ನು ಕಳೆದರೆ ಉಳಿಯುವುದು ನಿವ್ವಳ ಈಗಿನ ಮೌಲ್ಯ, ಅಂದರೆ ಎನ್‌ಪಿವಿ. ಈ ಎನ್‌ಪಿವಿ ಯಾವ ದರದಲ್ಲಿ ಸೊನ್ನೆ ಆಗುತ್ತದೋ ಆ ದರವೇ ಐಆರ್‌ಆರ್.

ಮೊದಲು ಹಣ ಹೋಗಿ ಆಮೇಲೆ ಬರುತ್ತಲೇ ಇದ್ದರೆ ಚಿಹ್ನೆ ಒಮ್ಮೆ ಮಾತ್ರ ಬದಲಾಗುತ್ತದೆ, ಐಆರ್‌ಆರ್ ಒಂದೇ ಇರುತ್ತದೆ. ನಮ್ಮ ಪಟ್ಟಿಯಲ್ಲಿ ಮೈನಸ್, ಪ್ಲಸ್, ಮತ್ತೆ ಮೈನಸ್, ಮತ್ತೆ ಪ್ಲಸ್. ಮೂರು ಬದಲಾವಣೆ. ಇಂಥ ಕಡೆ ಗಣಿತದ ಪ್ರಕಾರ ಒಂದಕ್ಕಿಂತ ಹೆಚ್ಚು ಐಆರ್‌ಆರ್ ಇರಲು ಸಾಧ್ಯ, ಎಕ್ಸೆಲ್ ಅದರಲ್ಲಿ ಒಂದನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ. ಬ್ಯಾಂಕಿನ ಪರಿಶೀಲಕರು "ಈ ಐಆರ್‌ಆರ್ ಒಪ್ಪಲಾಗದು" ಎಂದು ಬರೆಯುವುದು ಇದೇ ಕಾರಣಕ್ಕೆ. ಆದರೆ ಸಾಧ್ಯ ಎಂದ ಮಾತ್ರಕ್ಕೆ ಇದೆ ಎಂದಲ್ಲ. ತಿಳಿಯುವ ದಾರಿ ಸರಳ: ಪಕ್ಕದ ಕಾಲಂನಲ್ಲಿ ಒಟ್ಟುಗೂಡಿಸುತ್ತ ಬನ್ನಿ. ವರ್ಷಗಳು A2ರಿಂದ A14, ಹರಿವು B2ರಿಂದ B14 ಇದ್ದರೆ:

```
C2:  =B2
C3:  =C2+B3     (C14 ವರೆಗೆ ಎಳೆಯಿರಿ)
```

ನಮ್ಮಲ್ಲಿ ಈ ಕಾಲಂ −400ರಿಂದ ಶುರುವಾಗಿ ನಾಲ್ಕನೇ ವರ್ಷಕ್ಕೆ −80, ಐದಕ್ಕೆ +10, ಆರಕ್ಕೆ +100 ಆಗುತ್ತದೆ. ಏಳನೇ ವರ್ಷ 60ಕ್ಕೆ ಇಳಿಯುತ್ತದೆ, ಆದರೆ ಸೊನ್ನೆಯ ಕೆಳಗೆ ಹೋಗುವುದಿಲ್ಲ. ಹನ್ನೆರಡಕ್ಕೆ 560. ಅಂದರೆ ಒಟ್ಟು ಮೊತ್ತ ಮೈನಸ್‌ನಿಂದ ಪ್ಲಸ್‌ಗೆ ಒಮ್ಮೆ ದಾಟಿ ಅಲ್ಲೇ ಉಳಿಯಿತು. ಹೀಗಿದ್ದರೆ ಸೊನ್ನೆಗಿಂತ ಮೇಲಿನ ಐಆರ್‌ಆರ್ ಒಂದೇ ಒಂದು. ಇದಕ್ಕೆ ನಾರ್ಸ್‌ಟ್ರಾಮ್ ನಿಯಮ ಎನ್ನುತ್ತಾರೆ. ಹೆಸರು ನೆನಪಿರದಿದ್ದರೂ ನಡೆದೀತು, C ಕಾಲಂ ರಿಪೋರ್ಟ್‌ನಲ್ಲಿ ಇರಲಿ.

ಓವರ್‌ಹಾಲ್ 130ರ ಬದಲು 250 ಆಗಿದ್ದರೆ? ಏಳನೇ ವರ್ಷದ ಹರಿವು −160, ಒಟ್ಟು ಮೊತ್ತ +100ರಿಂದ −60ಕ್ಕೆ ಬೀಳುತ್ತದೆ, ಎಂಟಕ್ಕೆ ಮತ್ತೆ +30. ಆಗ ಈ ಪರೀಕ್ಷೆ ಕೈಕೊಡುತ್ತದೆ. ಎರಡು ಐಆರ್‌ಆರ್ ಇದೆ ಎಂದು ಇದರಿಂದ ಸಾಬೀತಾಗುವುದಿಲ್ಲ, ಇಲ್ಲ ಎಂಬ ಖಾತರಿ ಮಾತ್ರ ಹೋಗುತ್ತದೆ. ಜೊತೆಗೆ "ಐದನೇ ವರ್ಷಕ್ಕೆ ಹೂಡಿಕೆ ವಾಪಸ್" ಎಂದು ಬರೆದದ್ದೂ ಸುಳ್ಳಾಗುತ್ತದೆ, ಏಕೆಂದರೆ ಎರಡು ವರ್ಷದಲ್ಲಿ ಮತ್ತೆ ಗುಂಡಿಗೆ ಬಿದ್ದಿರುತ್ತೀರಿ.

ಯಾವ ಸಂದರ್ಭದಲ್ಲೂ ಈ ಇನ್ನೊಂದು ಕೆಲಸ ಮಾಡಿ: ಬೇರೆ ಬೇರೆ ದರಕ್ಕೆ ಎನ್‌ಪಿವಿ ತೆಗೆದು ಒಂದು ಸಣ್ಣ ಪಟ್ಟಿ ಹಾಕಿ.

```
=B2+NPV(12%,B3:B14)
=IRR(B2:B14)
```

B2 ಹೊರಗಿದೆ ಎಂಬುದನ್ನು ಗಮನಿಸಿ. NPV ಸೂತ್ರ ತನ್ನೊಳಗೆ ಹಾಕಿದ ಮೊದಲ ಅಂಕಿಯನ್ನು ಒಂದು ವರ್ಷದ ನಂತರದ್ದು ಎಂದು ತಿಳಿಯುತ್ತದೆ. B2ವನ್ನೂ ಒಳಗೆ ತಳ್ಳಿದರೆ ನಮ್ಮ ಉತ್ತರ 76.8ರ ಬದಲು 68.5 ಬರುತ್ತದೆ. ಇದು ದಿನವೂ ಕಾಣುವ ತಪ್ಪು.

ಶೇ 12ಕ್ಕೆ 76.8, ಶೇ 15ಕ್ಕೆ 14.7, ಶೇ 16ಕ್ಕೆ −3.1, ಶೇ 18ಕ್ಕೆ −35.2. ಸೊನ್ನೆಯನ್ನು 15 ಮತ್ತು 16ರ ನಡುವೆ ದಾಟುತ್ತದೆ. ಐಆರ್‌ಆರ್ ಸುಮಾರು ಶೇ 15.8. ಪಟ್ಟಿಯನ್ನು ಶೇ 0ಯಿಂದ 50ರವರೆಗೆ ಎಳೆದು, ಬೇರೆಲ್ಲೂ ದಾಟುವುದಿಲ್ಲ ಎಂದು ತೋರಿಸಿದರೆ ಪರಿಶೀಲಕರ ತಕರಾರು ಅಲ್ಲಿಗೆ ಮುಗಿಯುತ್ತದೆ.

ಕೆಲವರು ಎಂಐಆರ್‌ಆರ್ ಹಾಕಿ ಎನ್ನುತ್ತಾರೆ. ಅದು ನಡುವೆ ಬಂದ ಹಣವನ್ನು ನೀವು ಹೇಳಿದ ಬಡ್ಡಿಗೆ ಇಟ್ಟಂತೆ ಲೆಕ್ಕ ಹಾಕುವುದರಿಂದ ಉತ್ತರ ಯಾವಾಗಲೂ ಒಂದೇ ಬರುತ್ತದೆ ನಿಜ. ಆದರೆ ಸಾಲದ ದರ ಶೇ 10.5 ಎಂದಿಟ್ಟು, ಬಂದ ಹಣ ಶೇ 6 ದುಡಿಯುತ್ತದೆ ಎಂದರೆ ನಮ್ಮ ಯೋಜನೆಗೆ ಶೇ 10.4, ಶೇ 8 ಎಂದರೆ ಶೇ 11.4. ಉತ್ತರ ಯೋಜನೆಗಿಂತ ನಿಮ್ಮ ಊಹೆಯನ್ನೇ ಹೆಚ್ಚು ಹೇಳುತ್ತಿದೆ. ಬ್ಯಾಂಕ್ ಕೇಳಿದರೆ ಕೊಡಿ, ನಾನಂತೂ ಮುಂದೆ ಮಾಡಿ ಕೊಡುವುದಿಲ್ಲ.

4. ಓವರ್‌ಹಾಲ್ ಇಲ್ಲದ ಪಟ್ಟಿಯ ಜೊತೆ ಹೋಲಿಸಬೇಡಿ

130 ತೆಗೆದುಬಿಟ್ಟರೆ ಐಆರ್‌ಆರ್ ಶೇ 18.3ಕ್ಕೆ ಏರುತ್ತದೆ. ಎಷ್ಟೋ ಪಾಲುದಾರರು ಆ ಅಂಕಿ ನೋಡಿ, "ಇದನ್ನೇ ಕೊಡೋಣು ಬಿಡ್ರಿ" ಎನ್ನುತ್ತಾರೆ. ಆ ಪಟ್ಟಿಯಲ್ಲಿ ಓವರ್‌ಹಾಲ್ ಇಲ್ಲ, ಆದರೆ 8ರಿಂದ 12ನೇ ವರ್ಷದ 90 ಹಾಗೇ ಇದೆ. ಸವೆದ ಕಂಪ್ರೆಸರ್, ಒದ್ದೆಯಾದ ಹೊದಿಕೆ ಇಟ್ಟುಕೊಂಡು ಆ 90 ಬರುವುದಿಲ್ಲ. ಕೋಣೆ ತಣ್ಣಗಾಗದಿದ್ದರೆ ಕಾಯಿಯ ಬಣ್ಣ ಹೋಗುತ್ತದೆ, ಬಣ್ಣಕ್ಕೇ ಬೆಲೆ ಇರುವ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿ ಮರುವರ್ಷ ಚೀಲವನ್ನು ಪಕ್ಕದ ಸ್ಟೋರೇಜ್‌ಗೆ ಒಯ್ಯುತ್ತಾನೆ.

ಸರಿಯಾದ ಹೋಲಿಕೆ ಏಳನೇ ವರ್ಷದ ಕೊನೆಯಲ್ಲಿ ನಿಂತು ಮಾಡುವುದು. ಒಂದು ದಾರಿ: 130 ಹಾಕಿ, ಮುಂದಿನ ಐದು ವರ್ಷ ದುಡಿಯುವುದು. ಆ ಐದು ವರ್ಷದ ಹಣ ಶೇ 12ರಂತೆ ಆ ಹೊತ್ತಿನ ಬೆಲೆಗೆ 352.8. ಅದರಲ್ಲಿ 130 ಕಳೆದರೆ 222.8. ಇನ್ನೊಂದು ದಾರಿ: ಹಾಗೇ ಮಾರಿಬಿಡುವುದು. ಯಾರಾದರೂ 222.8ಕ್ಕಿಂತ ಹೆಚ್ಚು ಕೊಟ್ಟರೆ ಮಾರಿ, 150 ಎಂದರೆ ಓವರ್‌ಹಾಲ್ ಮಾಡಿಸಿ. ಈ ಒಂದು ಪ್ಯಾರಾ ರಿಪೋರ್ಟ್‌ನಲ್ಲಿದ್ದರೆ, ಮೈನಸ್ ಏಕೆ ಬೇಕು ಎಂದು ಓದುವವರಿಗೆ ತಾನಾಗಿ ತಿಳಿಯುತ್ತದೆ.

5. ಈಗ ಕಂತು ಸೇರಿಸಿ, ನಿಜವಾದ ಗುಂಡಿ ಅಳೆಯಿರಿ

ಇಲ್ಲಿಯವರೆಗಿನದು ಯೋಜನೆ ಚೆನ್ನಾಗಿದೆಯೇ ಎಂಬ ಪ್ರಶ್ನೆ. ಆ ವರ್ಷ ಕೈಯಲ್ಲಿ ಹಣ ಇರುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ಮ್ಯಾನೇಜರ್‌ಗೆ ನಿದ್ದೆ ಕೆಡಿಸುವುದು ಇದೇ.

ಸಾಲ 240, ಬಡ್ಡಿ ಶೇ 10.5, ಮೊದಲ ವರ್ಷ ಬಡ್ಡಿ ಮಾತ್ರ, ಆಮೇಲೆ ಆರು ವರ್ಷ ವರ್ಷಕ್ಕೆ 40ರಂತೆ ಅಸಲು ಎಂದುಕೊಳ್ಳಿ. ಕಡೆಯ ಕಂತು ಬರುವುದು ಏಳನೇ ವರ್ಷ! ಏಳು ವರ್ಷದ ಸಾಲವೂ ಏಳನೇ ವರ್ಷದ ಓವರ್‌ಹಾಲೂ ಒಂದೇ ಕಡೆ ಡಿಕ್ಕಿ ಹೊಡೆಯುವುದು ನಮ್ಮ ಭಾಗದ ಬಹಳ ರಿಪೋರ್ಟ್‌ಗಳಲ್ಲಿ ಇದೆ, ಯಾರೂ ನೋಡಿರುವುದಿಲ್ಲ. ಹರಿವು −40, ಅಸಲು 40, ಬಡ್ಡಿ 4.2. ಗುಂಡಿ 40 ಅಲ್ಲ, 84.

ಮೊದಲ ಆರು ವರ್ಷ ಬಡ್ಡಿ, ಕಂತು ಕಟ್ಟಿ ಉಳಿಯುವುದು ಸುಮಾರು 35, 15, 29, 33, 37, 42. ಒಟ್ಟು 191. ಅಂದರೆ 84ನ್ನು ತುಂಬುವ ಹಣ ಯೋಜನೆಯಲ್ಲೇ ಹುಟ್ಟುತ್ತದೆ. ಅದು ಏಳನೇ ವರ್ಷದವರೆಗೆ ಖಾತೆಯಲ್ಲಿ ಉಳಿಯುತ್ತದೆಯೇ, ಇಲ್ಲ ಪಾಲುದಾರರು ಪ್ರತಿ ಮಾರ್ಚ್‌ಗೆ ಹಂಚಿಕೊಂಡು ಹೊಲ ಖರೀದಿಸುತ್ತಾರೆಯೇ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಬ್ಯಾಂಕ್ ಇದನ್ನು ಡಿಎಸ್‌ಸಿಆರ್‌ನಲ್ಲಿ ನೋಡುತ್ತದೆ: ಆ ವರ್ಷ ಕೈಗೆ ಬಂದ ಹಣವನ್ನು ಆ ವರ್ಷ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯಿಂದ ಭಾಗಿಸಿದ್ದು. ಏಳನೇ ವರ್ಷ ಅದು ಸೊನ್ನೆಗಿಂತ ಕೆಳಗೆ. ಸರಾಸರಿ ಡಿಎಸ್‌ಸಿಆರ್ ಮಾತ್ರ ತೋರಿಸಿ ಇದನ್ನು ಮುಚ್ಚಿಡಲು ಹೋಗಬೇಡಿ. ವರ್ಷವಾರು ಪಟ್ಟಿ ಕೇಳಿಯೇ ಕೇಳುತ್ತಾರೆ.

6. ಮೀಸಲು ಕಟ್ಟಿ, ಆದರೆ ಎರಡು ಸಲ ಎಣಿಸಬೇಡಿ

84 ತುಂಬಿದರೆ ಡಿಎಸ್‌ಸಿಆರ್ ಬರೇ 1 ಆಗುತ್ತದೆ, ಒಂದು ರೂಪಾಯಿ ಹೆಚ್ಚುಕಮ್ಮಿಗೂ ಜಾಗ ಇಲ್ಲ. 1.25 ಬೇಕೆಂದರೆ ಮೀಸಲಿನಿಂದ 95.25 ಬರಬೇಕು. ಮೊದಲ ಆರು ವರ್ಷ ಪ್ರತಿ ವರ್ಷದ ಕೊನೆಗೆ ಶೇ 6ರ ಠೇವಣಿಗೆ ಹಾಕಿ, ಏಳನೇ ವರ್ಷದ ಕೊನೆಗೆ ತೆಗೆಯುವುದಾದರೆ:

```
=PMT(6%,6,0,-95.25/1.06)
```

ವರ್ಷಕ್ಕೆ ಸುಮಾರು 12.9. ಪೂರ್ತಿ 130ನ್ನೂ ಮೀಸಲಿನಿಂದಲೇ ತರುವುದಾದರೆ 17.6 ಆಗುತ್ತದೆ. ಎರಡನೇ ವರ್ಷ ಉಳಿಯುವುದೇ 15 ಎಂಬುದನ್ನು ನೆನಪಿಡಿ. 17.6 ಎಂದು ಬರೆದು ಆ ವರ್ಷವೇ ತಪ್ಪಿಸುವುದಕ್ಕಿಂತ 12.9 ಎಂದು ಬರೆದು ಕಟ್ಟುವುದು ಮೇಲು. ಠೇವಣಿ ಬಡ್ಡಿಯ ಮೇಲಿನ ತೆರಿಗೆಯನ್ನು ನಾನಿಲ್ಲಿ ಬಿಟ್ಟಿದ್ದೇನೆ, ನೀವು ತೆರಿಗೆ ಕಳೆದ ದರ ಹಾಕಿ.

ದೊಡ್ಡ ತಪ್ಪು ಆಗುವುದು ಈ ಹಂತದಲ್ಲಿ. ಮೀಸಲಿಗೆ ಹಾಕಿದ 12.9ನ್ನು B ಕಾಲಂನಲ್ಲಿ ಖರ್ಚು ಎಂದು ಕಳೆದು, ಏಳನೇ ವರ್ಷ 130ನ್ನೂ ಕಳೆದರೆ ಅದೇ ಹಣ ಎರಡು ಸಲ ಹೋದಂತಾಯಿತು. ಮೀಸಲು ಖರ್ಚಲ್ಲ, ನಿಮ್ಮದೇ ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವುದು. ಎನ್‌ಪಿವಿ, ಐಆರ್‌ಆರ್ ತೆಗೆಯುವ ಪಟ್ಟಿಯಲ್ಲಿ 130 ಮಾತ್ರ ಇರಲಿ. ಮೀಸಲು, ಕಂತು, ಪಾಲುದಾರರ ಡ್ರಾಯಿಂಗ್ಸ್ ಇವಕ್ಕೆ ಬೇರೆ ಹಾಳೆ.

ಮೀಸಲಿನ ಬದಲು ಸಾಲದ ಅವಧಿಯನ್ನೇ ಬದಲಿಸಲೂ ಕೇಳಬಹುದು. ಅಸಲನ್ನು 2ರಿಂದ 6ನೇ ವರ್ಷದೊಳಗೆ 48ರಂತೆ ಮುಗಿಸಿದರೆ ಏಳನೇ ವರ್ಷದ ಗುಂಡಿ 40ಕ್ಕೆ ಇಳಿಯುತ್ತದೆ. ಬೆಲೆ ಏನೆಂದರೆ ಎರಡನೇ ವರ್ಷ ಕೈಯಲ್ಲಿ 7 ಲಕ್ಷ ಮಾತ್ರ ಉಳಿಯುತ್ತದೆ, ಆವಕ ಕಡಿಮೆಯಾದ ವರ್ಷವಾದರೆ ಅದೂ ಇಲ್ಲ. ಹೊಸ ಘಟಕಕ್ಕೆ ನಾನು ಇದನ್ನು ಹೇಳುವುದಿಲ್ಲ.

7. ಕೆಡಿಸಿ ನೋಡಿ

ಓವರ್‌ಹಾಲ್ ಶೇ 20 ಹೆಚ್ಚಾಗಿ 156 ಆದರೆ, ಶೇ 12ರ ಎನ್‌ಪಿವಿ 76.8ರಿಂದ 65ಕ್ಕೆ ಇಳಿಯುತ್ತದೆ. ಒಂದು ವರ್ಷ ಮೊದಲೇ, ಆರರಲ್ಲೇ 130 ಹೋದರೆ 69.7. ಎರಡೂ ಒಟ್ಟಿಗೆ ಆದರೆ 56.5. ಯೋಜನೆ ತಡೆದುಕೊಳ್ಳುತ್ತದೆ.

ಇನ್ನೊಂದು ಪರೀಕ್ಷೆಯನ್ನು ಬಹುತೇಕರು ಮಾಡುವುದಿಲ್ಲ. ಹಳೆಯ ಸರಕು ಹೊರಹೋಗಿ ಕೋಣೆ ಖಾಲಿಯಾಗುವುದು ವರ್ಷದ ಕೊನೆಗೆ, ಹೊಸ ಕಾಯಿ ತುಂಬಲು ಶುರುವಾಗುವುದು ಫೆಬ್ರವರಿ ಸುಮಾರಿಗೆ. ಕೆಲಸ ಆ ಸಂದಿಯಲ್ಲೇ ಮುಗಿಯಬೇಕು. ಬಿಡಿಭಾಗ ತಡವಾಗಿ ಏಪ್ರಿಲ್‌ಗೆ ಬಾಗಿಲು ತೆರೆದರೆ ಚೀಲಗಳು ಬೇರೆಡೆ ಸೇರಿರುತ್ತವೆ, ಇಡೀ ಸೀಸನ್‌ನ ಬಾಡಿಗೆ ಹೋದಂತೆ. ಎಂಟನೇ ವರ್ಷದ 90ರಲ್ಲಿ 60 ಕೈತಪ್ಪಿತೆಂದು ಹಿಡಿಯಿರಿ: ಎನ್‌ಪಿವಿ 24 ಇಳಿಯುತ್ತದೆ, ಖರ್ಚು ಶೇ 20 ಏರಿದ್ದಕ್ಕಿಂತ ಎರಡು ಪಟ್ಟು ಹೊಡೆತ. ಆದ್ದರಿಂದ ರಿಪೇರಿಯವರ ಜೊತೆ ದರಕ್ಕೆ ಜಗ್ಗಾಡುವುದಕ್ಕಿಂತ, ಜನವರಿ ಕೊನೆಗೆ ಮುಗಿಸಬೇಕು, ತಡವಾದರೆ ಇಷ್ಟು ಕಡಿತ ಎಂದು ಕರಾರಿನಲ್ಲಿ ಬರೆಸಿಕೊಳ್ಳುವುದರಲ್ಲಿ ಹೆಚ್ಚು ಹಣ ಇದೆ.

ದರದ ವಿಷಯದಲ್ಲೂ ಒಂದು ಎಚ್ಚರಿಕೆ. "ಅಪಾಯ ಹೆಚ್ಚು" ಎಂದು ಶೇ 12ರ ಬದಲು 18 ಹಾಕಿದರೆ, ಏಳನೇ ವರ್ಷದ 130ರ ಇವತ್ತಿನ ಭಾರ 58.8ರಿಂದ 40.8ಕ್ಕೆ ಇಳಿಯುತ್ತದೆ. ಬಿಗಿಯಾದ ಪರೀಕ್ಷೆ ಎಂದುಕೊಂಡು ಮಾಡಿದ್ದು ಓವರ್‌ಹಾಲನ್ನು ಹಗುರ ಮಾಡಿಬಿಡುತ್ತದೆ. ಅನುಮಾನ ಇದ್ದರೆ ದರ ಏರಿಸಬೇಡಿ, 130ನ್ನೇ ಏರಿಸಿ.

8. ಬ್ಯಾಂಕಿಗೆ ಬರೆಯುವ ಟಿಪ್ಪಣಿ

ನಗದು ಪಟ್ಟಿಯ ಕೆಳಗೇ ಇರಲಿ, ಅನುಬಂಧದಲ್ಲಿ ಅಡಗಿಸಬೇಡಿ. ಹೀಗಿದ್ದರೆ ಸಾಕು:

"7ನೇ ವರ್ಷದ ಋಣ ಹರಿವಿಗೆ ಕಾರಣ ರೂ. 130 ಲಕ್ಷದ ಓವರ್‌ಹಾಲ್ (ವಿವರ ಮತ್ತು ದರಪಟ್ಟಿ ಲಗತ್ತಿಸಿದೆ). ಒಟ್ಟುಗೂಡಿದ ಹರಿವು 5ನೇ ವರ್ಷದ ನಂತರ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ಐಆರ್‌ಆರ್ ಒಂದೇ ಆಗಿದ್ದು ಶೇ 15.8 ಇದೆ. ಕಂತು ಸೇರಿ ಆ ವರ್ಷದ ಕೊರತೆ ರೂ. 84 ಲಕ್ಷ. ಇದಕ್ಕಾಗಿ 1ರಿಂದ 6ನೇ ವರ್ಷದವರೆಗೆ ವರ್ಷಕ್ಕೆ ರೂ. 12.9 ಲಕ್ಷ ಠೇವಣಿ ಇಡಲಾಗುವುದು. ಠೇವಣಿಯನ್ನು ಬ್ಯಾಂಕಿನ ಹೆಸರಿಗೆ ಲೀನ್ ಮಾಡಿಕೊಡಲು, ಅದು ಕಟ್ಟುವವರೆಗೆ ಪಾಲುದಾರರು ಲಾಭ ತೆಗೆಯದಿರಲು ಒಪ್ಪಿದ್ದೇವೆ."

ಲೀನ್ ಎಂದರೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಆ ಠೇವಣಿ ಮುರಿಯಲಾಗದಂತೆ ಕಟ್ಟುಹಾಕುವುದು. ಸಹಿ ಹಾಕುವ ಮೊದಲು ಎಲ್ಲ ಪಾಲುದಾರರಿಗೂ ಕೊನೆಯ ವಾಕ್ಯ ಓದಿ ಹೇಳಿ. ಓವರ್‌ಹಾಲ್‌ಗೆ ಮುಂಗಡ ಕೊಡುವ ತಿಂಗಳಲ್ಲಿ ಲೀನ್ ಬಿಡಿಸಲು ಎಷ್ಟು ದಿನ ಬೇಕು ಎಂದು ಶಾಖೆಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ.